ಹೋಂವರ್ಕ್ ಪ್ರಶ್ನೆಯ ಫೋಟೋ ಹಾಕಿ ಉತ್ತರ ತೆಗೆಯುವುದು: ಎಲ್ಲಿಯವರೆಗೆ ಕಲಿಕೆ, ಎಲ್ಲಿಂದ ಕಾಪಿ?

ನೀಲಿಶಾಯಿ

ಮಗಳು ಹತ್ತನೇ ತರಗತಿ. ಲೆಕ್ಕ ಬರದಿದ್ದರೆ ಪ್ರಶ್ನೆಯ ಫೋಟೋ ತೆಗೆದು ಆಪ್‌ಗೆ ಹಾಕುತ್ತಾಳೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ತಿ ಬಿಡಿಸಿದ ಲೆಕ್ಕ ಬರುತ್ತದೆ. ಅದನ್ನು ನೋಡಿಕೊಂಡು ನೋಟ್‌ಬುಕ್ಕಿಗೆ ಬರೆಯುತ್ತಾಳೆ. "ಇದು ಕಾಪಿ ಅಲ್ವಾ?" ಅಂದರೆ "ಇಲ್ಲಮ್ಮಾ, ಒಂದೊಂದು ಸಾಲೂ ಅರ್ಥ ಆದ ಮೇಲೇ ಬರೆಯೋದು" ಅನ್ನುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ನಾನು ಪಕ್ಕದಲ್ಲಿ ಕೂತು ಕೇಳಿದ್ದೇನೆ, ಪ್ರತಿ ಸಾಲೂ ಹೇಗೆ ಬಂತು ಅಂತ ವಿವರಿಸುತ್ತಾಳೆ. ಆದರೆ ಮೊನ್ನೆ ಕಿರುಪರೀಕ್ಷೆಯಲ್ಲಿ ಅದೇ ಬಗೆಯ ಲೆಕ್ಕ ಬಂದಾಗ ಒಂದು ಸಾಲೂ ಬರೆಯಲು ಆಗಲಿಲ್ಲ.

ಲೆಕ್ಕ ಹೀಗಿತ್ತು: ನಿಂತ ನೀರಿನಲ್ಲಿ ದೋಣಿಯ ವೇಗ ಗಂಟೆಗೆ 15 ಕಿ.ಮೀ. ಅದು 36 ಕಿ.ಮೀ. ದೂರವನ್ನು ಹರಿವಿಗೆ ಎದುರಾಗಿ ಹೋಗಲು, ಹರಿವಿನ ಜೊತೆ ವಾಪಸ್ ಬರುವುದಕ್ಕಿಂತ 1 ಗಂಟೆ ಜಾಸ್ತಿ ತೆಗೆದುಕೊಳ್ಳುತ್ತದೆ. ಹರಿವಿನ ವೇಗ ಎಷ್ಟು?

ಫೋಟೋ ಹಾಕುವುದನ್ನೇ ನಿಲ್ಲಿಸಬೇಕಾ? ಅಥವಾ ಇಲ್ಲಿಯವರೆಗೆ ಸರಿ, ಇಲ್ಲಿಂದಾಚೆ ಬೇಡ ಅಂತ ಗೆರೆ ಎಳೆಯಬಹುದಾ? ಎಳೆಯಬಹುದಾದರೆ ಎಲ್ಲಿ?

ಗಟ್ಟಿಬುನಾದಿ

ನಿಲ್ಲಿಸಬೇಕು, ಅದರಲ್ಲಿ ಯೋಚನೆ ಮಾಡುವುದಕ್ಕೆ ಏನಿದೆ? ಬಿಡಿಸಿದ ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ತಲೆ ಕೆಲಸ ಮಾಡುವುದಿಲ್ಲ. ಒಂದು ಲೆಕ್ಕದ ಮುಂದೆ ಎರಡು ಗಂಟೆ ಕೂತರೂ ಪರವಾಗಿಲ್ಲ, ತಾನೇ ಬಿಡಿಸಬೇಕು. ಹಾಗೆ ಒದ್ದಾಡಿ ಬಂದದ್ದೇ ತಲೆಯಲ್ಲಿ ಉಳಿಯುವುದು. ಬೇರೆಯವರು ಬಿಡಿಸಿದ್ದನ್ನು ನೋಡುವುದು ಎಷ್ಟಾದರೂ ಕಾಪಿಯೇ.

ಪಟಚಿತ್ರ

ಫೋಟೋ ತೆಗೆಯುವಾಗ ನೆರಳು ಬೀಳದ ಹಾಗೆ ನೋಡಿಕೊಳ್ಳಿ. ಪುಟವನ್ನು ಮೇಲಿನಿಂದ ನೇರವಾಗಿ ಹಿಡಿಯಬೇಕು, ಓರೆ ಆಗಬಾರದು. ಒಂದೇ ಪ್ರಶ್ನೆ ಬರುವ ಹಾಗೆ ಕ್ರಾಪ್ ಮಾಡಿ. ಕೈಬರಹವಾದರೆ ಇನ್ನೂ ಎಚ್ಚರ ಬೇಕು. ನಮ್ಮ ಹುಡುಗ ಇಂಥದೇ ಒಂದು ಲೆಕ್ಕ ಹಾಕಿದಾಗ 36 ಅನ್ನು 86 ಅಂತ ಓದಿಕೊಂಡು ಏನೇನೋ ಉತ್ತರ ಕೊಟ್ಟಿತ್ತು. ಅವನು ಹಾಗೇ ಬರೆದುಕೊಂಡು ಹೋದ.

ರಫ್‌ಶೀಟ್

ಪಟಚಿತ್ರ ಅವರೇ, ಅವರು ಕೇಳಿದ್ದು ಫೋಟೋ ಚೆನ್ನಾಗಿ ಬರಿಸುವುದು ಹೇಗೆ ಅಂತಲ್ಲ. ಆದರೂ ನೀವು ಹೇಳಿದ ಕೊನೆಯ ವಿಷಯ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ದೂರ 86 ಅಂತ ಇಟ್ಟರೆ ಹರಿವಿನ ವೇಗ ಸುಮಾರು 1.3 ಬರುತ್ತದೆ. ಬಾಲದಂತೆ ದಶಮಾಂಶ ಹಿಡಿದುಕೊಂಡು ಬರುವ ಸಂಖ್ಯೆ. ಪಠ್ಯಪುಸ್ತಕದ ದೋಣಿ ಲೆಕ್ಕದಲ್ಲಿ ಅಂಥ ಸಂಖ್ಯೆ ಬಂದರೆ ಒಂದು ಕ್ಷಣ ನಿಂತು ನೋಡಬೇಕು. ಆ 1.3 ಅನ್ನು ಮೂಲ ಪ್ರಶ್ನೆಗೆ ಹಾಕಿದರೆ 36 ಕಿ.ಮೀ. ಹೋಗಲು ಮತ್ತು ಬರಲು ಹಿಡಿಯುವ ಹೊತ್ತಿನ ನಡುವೆ ಅರ್ಧ ಗಂಟೆಯೂ ವ್ಯತ್ಯಾಸ ಬರುವುದಿಲ್ಲ. ಲೆಕ್ಕದ ಜೊತೆ ಸ್ವಲ್ಪವಾದರೂ ಮಾತಾಡಿದವನಿಗೆ ಅದು ತಕ್ಷಣ ಕಾಣುತ್ತದೆ. ಬರೀ ನಕಲು ಮಾಡಿದವನಿಗೆ ಕಾಣುವುದಿಲ್ಲ.

ಸೀಮೆಸುಣ್ಣ

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನೀಲಿಶಾಯಿ ಅವರು ಹೇಳಿದ್ದು ನಮ್ಮ ತರಗತಿಗಳಲ್ಲಿ ಈಗ ದಿನವೂ ಕಾಣುವ ವಿಷಯ. ಹೊಸದೂ ಅಲ್ಲ. ಕ್ಯಾಮೆರಾ ಹಿಡಿದರೆ ಸಮೀಕರಣ ಬಿಡಿಸಿ ತೋರಿಸುವ ಫೋಟೋಮ್ಯಾಥ್ ಆಪ್ 2014ರಲ್ಲೇ ಬಂತು. ಆದರೆ ಆಗ ಅಂಥ ಆಪ್‌ಗೆ ಸಮೀಕರಣವನ್ನೇ ತೋರಿಸಬೇಕಿತ್ತು. ದೋಣಿ, ಹರಿವು ಅಂತ ಮಾತಿನಲ್ಲಿ ಬರೆದ ಲೆಕ್ಕವನ್ನು ಸಮೀಕರಣ ಮಾಡಿಕೊಳ್ಳುವ ಕೆಲಸ ಮಗುವಿನದೇ ಆಗಿತ್ತು. ಈಗ ಆ ಕೆಲಸವೂ ಆಪ್ ಪಾಲಾಗಿದೆ. ನನಗೆ ಚಿಂತೆ ಇರುವುದು ಅಲ್ಲೇ.

ಪ್ರಶ್ನೆಯ ಫೋಟೋದಲ್ಲಿ ಪ್ರಶ್ನೆ ಇರುತ್ತದೆ. ಮಗು ಎಲ್ಲಿ ನಿಂತಿದೆ ಅನ್ನುವುದು ಇರುವುದಿಲ್ಲ. ಈ ಒಂದೇ ದೋಣಿ ಲೆಕ್ಕದಲ್ಲಿ ಮೂವರು ಮಕ್ಕಳು ಮೂರು ಕಡೆ ನಿಲ್ಲುವುದನ್ನು ನಾನು ನೋಡುತ್ತಿರುತ್ತೇನೆ.

ಒಬ್ಬನಿಗೆ ಶುರುವೇ ಆಗುವುದಿಲ್ಲ. ಹರಿವಿನ ವೇಗ x ಅಂತ ಬರೆದು ಪೆನ್ನು ಕೆಳಗಿಡುತ್ತಾನೆ. ಎದುರು ಹೋಗುವಾಗ ವೇಗ 15 − x, ಜೊತೆಗೆ ಬರುವಾಗ 15 + x ಅಂತ ಅವನಿಗೆ ಹೊಳೆದಿಲ್ಲ.

ಇನ್ನೊಬ್ಬಳು ಸಮೀಕರಣ ಬರೆದಿದ್ದಾಳೆ, ಆದರೆ ತಿರುಗಾಮುರುಗಾ:

36/(15 + x) − 36/(15 − x) = 1

ಇದನ್ನು ತಪ್ಪಿಲ್ಲದೆ ಬಿಡಿಸಿದರೆ x² − 72x − 225 = 0 ಆಗುತ್ತದೆ. ಉತ್ತರ 75 ಅಥವಾ −3. ಮೈನಸ್ ಬಿಟ್ಟು 75 ಅಂತ ಬರೆಯುತ್ತಾಳೆ. 15ರ ವೇಗದ ದೋಣಿ 75ರ ವೇಗದ ಹರಿವಿಗೆ ಎದುರಾಗಿ ಹೋಗುವುದು ಹೇಗೆ ಅಂತ ಅವಳು ಕೇಳಿಕೊಂಡಿಲ್ಲ.

ಮೂರನೆಯವನು ಸರಿಯಾಗಿ ಬರೆದಿದ್ದಾನೆ: 36/(15 − x) − 36/(15 + x) = 1. ಅಲ್ಲಿಂದ x² + 72x − 225 = 0 ವರೆಗೂ ಬಂದಿದ್ದಾನೆ. ಗುಣಿಸಿದರೆ −225, ಕೂಡಿದರೆ 72 ಆಗುವ ಎರಡು ಸಂಖ್ಯೆ ಸಿಗುತ್ತಿಲ್ಲ. 75 ಮತ್ತು −3 ಅಂತ ಸಿಕ್ಕಿಬಿಟ್ಟರೆ ಅವನ ಲೆಕ್ಕ ಮುಗಿಯಿತು, ಹರಿವಿನ ವೇಗ 3.

ಮೂವರೂ ಹಾಕುವ ಫೋಟೋ ಒಂದೇ. ಬರುವ ಉತ್ತರವೂ ಒಂದೇ. ಆದರೆ ಎರಡನೆಯವಳಿಗೆ ಬೇಕಾಗಿದ್ದು ಒಂದೇ ಒಂದು ಪ್ರಶ್ನೆ: "ಎದುರು ಹೋಗೋಕೆ ಜಾಸ್ತಿ ಹೊತ್ತು ಬೇಕಾ, ಜೊತೆಗೆ ಬರೋಕಾ?" ಅಷ್ಟು ಕೇಳಿದರೆ ಅವಳೇ ತಿದ್ದಿಕೊಳ್ಳುತ್ತಾಳೆ. ಪೂರ್ತಿ ಬಿಡಿಸಿದ ಲೆಕ್ಕ ಕೈಗೆ ಕೊಟ್ಟರೆ ತನ್ನದನ್ನು ಅಳಿಸಿ ಅದನ್ನು ಬರೆಯುತ್ತಾಳೆ. ತಾನು ಎಡವಿದ್ದು ಎಲ್ಲಿ ಅಂತ ಅವಳಿಗೆ ತಿಳಿಯುವುದೇ ಇಲ್ಲ.

ಹಾಗಾಗಿ ನನ್ನ ಮೊದಲ ಸಲಹೆ ಸರಳವಾಗಿದೆ. ಫೋಟೋ ಹಾಕುವುದೇ ಆದರೆ ಪ್ರಶ್ನೆಯದ್ದಲ್ಲ, ತಾನು ಮಾಡಿದ ಅರ್ಧಂಬರ್ಧ ಲೆಕ್ಕದ್ದು ಹಾಕಲಿ. "ಇದರಲ್ಲಿ ಯಾವ ಸಾಲು ತಪ್ಪು, ಸಾಲಿನ ನಂಬರ್ ಮಾತ್ರ ಹೇಳಿ, ಬಿಡಿಸಬೇಡಿ" ಅಂತ ಕೇಳಲಿ.

ರಫ್‌ಶೀಟ್

ಗಣಿತದ ಪ್ರಶ್ನೆಗಳಿಗೆ ಉತ್ತರಿಸುವ ದೊಡ್ಡ ತಾಣಗಳಲ್ಲೂ ಇಂಥದೇ ಪದ್ಧತಿ ಇದೆ. ಮ್ಯಾಥಮ್ಯಾಟಿಕ್ಸ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಬರೀ ಪ್ರಶ್ನೆಯ ಫೋಟೋ ಅಂಟಿಸಿದರೆ ಅದನ್ನು ಒಪ್ಪುವುದಿಲ್ಲ, ಪ್ರಶ್ನೆಯನ್ನು ಮುಚ್ಚಿಯೂ ಬಿಡಬಹುದು. ನೀವು ಏನು ಪ್ರಯತ್ನಿಸಿದಿರಿ, ಎಲ್ಲಿ ಸಿಕ್ಕಿಬಿದ್ದಿರಿ ಅಂತ ಬರೆಯಿರಿ ಅನ್ನುತ್ತಾರೆ. ಹೊಸಬರಿಗೆ ಅದು ಸಿಡುಕು ಅನಿಸುತ್ತದೆ. ಆದರೆ ಎಲ್ಲಿ ಸಿಕ್ಕಿಬಿದ್ದೆ ಅಂತ ಬರೆಯಲು ಕೂತಾಗ ಎಷ್ಟೋ ಜನರಿಗೆ ಅಲ್ಲೇ ದಾರಿ ಹೊಳೆದು, ಪ್ರಶ್ನೆ ಹಾಕದೇ ಎದ್ದು ಹೋಗುತ್ತಾರೆ.

ಗಟ್ಟಿಬುನಾದಿ ಅವರ ಮಾತಿನಲ್ಲಿ ಅರ್ಧ ನಿಜ ಇದೆ. ತಾನೇ ನೆನಪಿನಿಂದ ಎಳೆದು ತೆಗೆದದ್ದು ಹೆಚ್ಚು ದಿನ ಉಳಿಯುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಒಂದು ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ, ಓದಿದ ಮೇಲೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದಿದ್ದರು. ನೀಲಿಶಾಯಿ ಅವರ ಮಗಳಿಗೆ ಆಗಿದ್ದೂ ಇದೇ ಅಂತ ನನ್ನ ಊಹೆ. ನೋಡುವಾಗ ಅರ್ಥವಾಗಿದ್ದು ಸುಳ್ಳಲ್ಲ. ಆದರೆ ಪರೀಕ್ಷೆ ಕೇಳುವುದು ಖಾಲಿ ಹಾಳೆಯ ಮೇಲೆ ಮೊದಲ ಸಾಲನ್ನು.

ಆದರೆ ಬಿಡಿಸಿದ್ದನ್ನು ನೋಡುವುದೇ ತಪ್ಪು ಅನ್ನುವುದು ಸರಿಯಲ್ಲ. ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲಿ ಬೀಜಗಣಿತದ ಮಕ್ಕಳ ಮೇಲೆ ಮಾಡಿದ ಪ್ರಯೋಗಗಳಿವೆ. ಬಿಡಿಸಿದ ಒಂದು ಉದಾಹರಣೆ ನೋಡಿ ಅದರ ಬೆನ್ನಿಗೇ ಅಂಥದೇ ಇನ್ನೊಂದನ್ನು ತಾವೇ ಮಾಡಿದ ಮಕ್ಕಳು, ಎಲ್ಲವನ್ನೂ ತಾವೇ ಬಿಡಿಸಿದ ಮಕ್ಕಳಿಗಿಂತ ಬೇಗ ಕಲಿತರು, ತಪ್ಪೂ ಕಡಿಮೆ ಮಾಡಿದರು. ಹೊಸದಾಗಿ ಕಲಿಯುವವರಿಗೆ ಎರಡು ಗಂಟೆ ಒದ್ದಾಡುವುದರಿಂದ ಸಿಗುವುದು ಸುಸ್ತು ಮಾತ್ರ. ಇಲ್ಲಿ ಕಣ್ಣಿಡಬೇಕಾದ ಮಾತು "ಬೆನ್ನಿಗೇ ಇನ್ನೊಂದು". ಮಗಳು ಒಂದು ನೋಡುತ್ತಾಳೆ, ಬರೆಯುತ್ತಾಳೆ, ಪುಸ್ತಕ ಮುಚ್ಚುತ್ತಾಳೆ. ಆ ಇನ್ನೊಂದು ನಡೆಯುತ್ತಲೇ ಇಲ್ಲ.

ಗಟ್ಟಿಬುನಾದಿ

ಎರಡು ಗಂಟೆ ಅಂದಿದ್ದು ಜಾಸ್ತಿಯೇ ಆಯಿತು, ಒಪ್ಪುತ್ತೇನೆ. ಆದರೆ ಉದಾಹರಣೆ ಪಠ್ಯಪುಸ್ತಕದಲ್ಲೇ ಇರುತ್ತದಲ್ಲ? ಅದನ್ನು ನೋಡಲಿ. ಹೋಂವರ್ಕಿಗೆ ಕೊಟ್ಟ ಲೆಕ್ಕವನ್ನೇ ಯಾಕೆ ಉದಾಹರಣೆ ಮಾಡಿಕೊಳ್ಳಬೇಕು? ಅದು ಇರುವುದು ತಾನೇ ಮಾಡಲಿಕ್ಕೆ.

ಸೀಮೆಸುಣ್ಣ

ಇದು ಒಳ್ಳೆಯ ಮಾತು. ಪುಸ್ತಕದಲ್ಲಿ ಬಿಡಿಸಿದ ಉದಾಹರಣೆ ಇದ್ದರೆ ಮೊದಲು ಅಲ್ಲಿಗೆ ಹೋಗಬೇಕು. ಇಲ್ಲದಿದ್ದರೆ ಹೋಂವರ್ಕಿನ ಒಂದು ಲೆಕ್ಕವನ್ನು ಉದಾಹರಣೆ ಅಂತ ಬಿಟ್ಟುಕೊಡುವುದರಲ್ಲಿ ನಷ್ಟವಿಲ್ಲ, ಉಳಿದವನ್ನು ತಾನೇ ಮಾಡುವುದಾದರೆ.

ಕೊನೆಬೆಂಚು

ನಾನೂ ಹತ್ತನೇ ಕ್ಲಾಸು. ಆಂಟಿ, ನಿಮ್ಮ ಮಗಳ ಪರವಾಗಿ ಒಂದು ಮಾತು. ನಾಳೆಗೆ ಎಂಟು ಲೆಕ್ಕ, ಜೊತೆಗೆ ವಿಜ್ಞಾನದ ಪ್ರಶ್ನೋತ್ತರ ಬೇರೆ. ಮಾಡದೇ ಹೋದರೆ ನಿಲ್ಲಿಸುತ್ತಾರೆ. ತಪ್ಪು ಮಾಡಿಕೊಂಡು ಹೋದರೆ ಮಾರ್ಕ್ಸ್ ಹೋಗುತ್ತದೆ. ಕಾಪಿ ಮಾಡಿಕೊಂಡು ಹೋದವರಿಗೆ ಪೂರ್ತಿ ಮಾರ್ಕ್ಸ್. ಹಾಗಿದ್ದಾಗ ತಪ್ಪು ಲೆಕ್ಕ ಹಿಡಿದುಕೊಂಡು ಹೋಗುವವರು ಯಾರು?

ಮೇಡಂ ಹತ್ತಿರ ಒಂದು ಪ್ರಶ್ನೆ. ನಾನು ಪೂರ್ತಿ ನೋಡುವುದಿಲ್ಲ. ಮೊದಲ ಸ್ಟೆಪ್ ಮಾತ್ರ ನೋಡಿ ಮೊಬೈಲ್ ಮಗುಚಿ ಇಡುತ್ತೇನೆ. ಮಿಕ್ಕಿದ್ದೆಲ್ಲ ನಾನೇ ಮಾಡುವುದು. ಇದು ಕಾಪಿ ಅಲ್ಲ ತಾನೇ?

ಸೀಮೆಸುಣ್ಣ

ಮೊಬೈಲ್ ಮಗುಚಿ ಇಡುವ ಅಭ್ಯಾಸ ಒಳ್ಳೆಯದು, ಬಿಡಬೇಡ. ಆದರೆ ನೀನು ನೋಡಿದ ಆ ಮೊದಲ ಸ್ಟೆಪ್ ಯಾವುದು ಅಂತ ಒಮ್ಮೆ ಯೋಚಿಸು.

ಈ ದೋಣಿ ಲೆಕ್ಕದಲ್ಲಿ ಮೊದಲ ಸ್ಟೆಪ್ ಅಂದರೆ 36/(15 − x) − 36/(15 + x) = 1 ಅನ್ನುವ ಸಾಲು. ಈ ಲೆಕ್ಕವನ್ನು ಕೊಟ್ಟಿದ್ದೇ ಆ ಒಂದು ಸಾಲಿಗಾಗಿ. ಎದುರು ಹೋಗುವಾಗ ವೇಗ ಕಳೆಯುತ್ತದೆ, ದೂರವನ್ನು ವೇಗದಿಂದ ಭಾಗಿಸಿದರೆ ಹೊತ್ತು ಬರುತ್ತದೆ, ಜಾಸ್ತಿ ಹೊತ್ತಿನಿಂದ ಕಡಿಮೆ ಹೊತ್ತು ಕಳೆಯಬೇಕು. ಈ ಮೂರೂ ಯೋಚನೆ ಆ ಸಾಲಿನಲ್ಲಿವೆ. ಅದನ್ನು ನೋಡಿದ ಮೇಲೆ ಉಳಿಯುವ ಐದಾರು ಸಾಲು ನೀನು ಹಿಂದಿನ ಅಭ್ಯಾಸದಲ್ಲಿ ಹತ್ತಾರು ಸಲ ಮಾಡಿರುವ ಅಪವರ್ತನ ಅಷ್ಟೇ. ನೋಟ್‌ಬುಕ್ ನೋಡಿದರೆ ಮುಕ್ಕಾಲು ಭಾಗ ನಿನ್ನದೇ. ಕಲಿಯಬೇಕಾಗಿದ್ದ ಭಾಗ ಮಾತ್ರ ನಿನ್ನದಲ್ಲ.

ಈಗ ಬೇರೆ ಲೆಕ್ಕ ನೋಡು. ಪ್ರಶ್ನೆಯೇ "x² + 72x − 225 = 0 ಇದನ್ನು ಅಪವರ್ತನ ಕ್ರಮದಿಂದ ಬಿಡಿಸಿ" ಅಂತಿದ್ದರೆ? ಆಗ 75 ಮತ್ತು −3 ಹುಡುಕುವುದೇ ಕಲಿಕೆ. ಅದನ್ನು ಆಪ್ ಹೇಳಿಕೊಟ್ಟರೆ ಕಾಪಿ. ದೋಣಿ ಲೆಕ್ಕದಲ್ಲಿ ಸಮೀಕರಣ ನೀನೇ ಬರೆದು, ಅದೇ 75 ಮತ್ತು −3 ಸಿಗದೆ ಆಪ್‌ನಲ್ಲಿ ನೋಡಿದರೆ ನಾನಂತೂ ಕಾಪಿ ಅನ್ನುವುದಿಲ್ಲ.

ಎಷ್ಟು ಸ್ಟೆಪ್ ನೋಡಿದೆ ಅಂತ ಲೆಕ್ಕ ಹಾಕಿದರೆ ಗೆರೆ ಸಿಗುವುದಿಲ್ಲ. ಈ ಪ್ರಶ್ನೆಯನ್ನು ಯಾವ ಸ್ಟೆಪ್‌ಗಾಗಿ ಕೊಟ್ಟಿದ್ದಾರೆ, ಆ ಸ್ಟೆಪ್ ಯಾರು ಮಾಡಿದರು ಅಂತ ನೋಡಬೇಕು. ಅಧ್ಯಾಯದ ಶೀರ್ಷಿಕೆ ಮತ್ತು ಅಭ್ಯಾಸದ ಮೇಲಿನ ಸೂಚನೆ ಓದಿದರೆ ಹೆಚ್ಚಿನ ಸಲ ಅದು ತಿಳಿಯುತ್ತದೆ.

ಕೊನೆಬೆಂಚು

ಇದನ್ನು ಯಾರೂ ಹೀಗೆ ಹೇಳಿರಲಿಲ್ಲ ಮೇಡಂ. ಆದರೆ ಮೊದಲ ಸಾಲೇ ಬರದಿದ್ದಾಗ ಏನು ಮಾಡುವುದು? ಸುಮ್ನೆ ಕೂರುವುದಾ?

ಸೀಮೆಸುಣ್ಣ

ಸುಮ್ನೆ ಕೂರಬೇಡ. ಸಮೀಕರಣ ಬರೆಯುವ ಮೊದಲು ಒಂದು ಸಂಖ್ಯೆ ಊಹಿಸು. ಹರಿವು ಗಂಟೆಗೆ 5 ಅಂತ ಇಟ್ಟುಕೋ. ಎದುರು ಹೋಗುವ ವೇಗ 10, ಹಿಡಿಯುವ ಹೊತ್ತು 3.6 ಗಂಟೆ. ಜೊತೆಗೆ ಬರುವ ವೇಗ 20, ಹೊತ್ತು 1.8 ಗಂಟೆ. ವ್ಯತ್ಯಾಸ 1.8 ಗಂಟೆ ಆಯಿತು, ನಮಗೆ ಬೇಕಾಗಿದ್ದು 1. ಅಂದರೆ ಹರಿವು 5ಕ್ಕಿಂತ ಕಡಿಮೆ. ಈಗ ನೀನು ಮಾಡಿದ್ದನ್ನೇ 5ರ ಜಾಗದಲ್ಲಿ x ಇಟ್ಟು ಬರೆ. ಸಮೀಕರಣ ತಾನಾಗಿ ಬಂದಿರುತ್ತದೆ. ಇಷ್ಟಾದ ಮೇಲೂ ಬರದಿದ್ದರೆ ಸಮೀಕರಣವನ್ನು ಕೇಳಬೇಡ. "ಎದುರು ಹೋಗುವಾಗ ದೋಣಿಯ ವೇಗ ಎಷ್ಟಾಗುತ್ತದೆ, ಯಾಕೆ?" ಅಂತ ಅಷ್ಟನ್ನೇ ಕೇಳು. ಫೋಟೋ ಹಾಕಿದಾಗ ಆಪ್ ತಾನಾಗಿ ಮುಂದಕ್ಕೆ ಓಡುತ್ತದೆ. ಅದಕ್ಕೆ ಈ ಪ್ರಶ್ನೆಯನ್ನು ಫೋಟೋ ಇಲ್ಲದೆ ಟೈಪ್ ಮಾಡಿ ಕೇಳುವುದು ಒಳ್ಳೆಯದು.

ಪುಟತಿರುವು

ನಮ್ಮಲ್ಲಿ ಸಮಸ್ಯೆ ಗಣಿತದ್ದಲ್ಲ, ಭಾಷೆಯದ್ದು. ಮಗ ಗದ್ಯಭಾಗದ ಫೋಟೋ, ಕೆಳಗಿನ ಪ್ರಶ್ನೆಗಳ ಫೋಟೋ ಎರಡೂ ಹಾಕುತ್ತಾನೆ. ಬಂದ ಉತ್ತರದಲ್ಲಿ ನಾಲ್ಕು ಪದ ಬದಲಿಸಿ "ನನ್ನ ಮಾತಿನಲ್ಲೇ ಬರೆದೆ" ಅನ್ನುತ್ತಾನೆ. ಅಲ್ಲಿ ಸ್ಟೆಪ್ ಅಂತಲೇ ಇಲ್ಲವಲ್ಲ, ಗೆರೆ ಎಲ್ಲಿ ಹಾಕುವುದು?

ರಫ್‌ಶೀಟ್

ಗದ್ಯಭಾಗ ಕೊಟ್ಟಿರುವುದು ಓದಲಿಕ್ಕೆ. ಅಲ್ಲಿ ಓದುವುದೇ ಆ ಸ್ಟೆಪ್. ಅರ್ಥವಾಗದ ಒಂದು ಪದವನ್ನೋ ಒಂದು ವಾಕ್ಯವನ್ನೋ ಕೇಳಿದರೆ ಅವನು ಓದುತ್ತಿದ್ದಾನೆ ಅಂತ ಅರ್ಥ. ಪ್ರಶ್ನೆಗಳನ್ನೇ ಕೊಟ್ಟರೆ ಅವನ ಬದಲು ಬೇರೆ ಯಾರೋ ಓದಿದ ಹಾಗೆ. ಉತ್ತರ ಬರೆದ ಮೇಲೆ "ಇದು ಯಾವ ಸಾಲಿನಿಂದ ಬಂತು, ಬೆರಳಿಟ್ಟು ತೋರಿಸು" ಅನ್ನಿ. ಓದಿದವನು ತಕ್ಷಣ ತೋರಿಸುತ್ತಾನೆ. ಪ್ರಬಂಧಕ್ಕೆ ಈ ಉಪಾಯ ನಡೆಯುವುದಿಲ್ಲ, ಅದರ ಕಥೆಯೇ ಬೇರೆ.

ನೀಲಿಶಾಯಿ

ಎಲ್ಲರಿಗೂ ಧನ್ಯವಾದ. ಸೀಮೆಸುಣ್ಣ ಮೇಡಂ, ನನಗೆ ಗಣಿತ ಅಷ್ಟಕ್ಕಷ್ಟೇ. ಅವಳು ಬರೆದದ್ದು ಕಲಿತು ಬರೆದದ್ದೋ ಅಲ್ಲವೋ ಅಂತ ನನ್ನಂಥವರಿಗೆ ತಿಳಿಯುವುದು ಹೇಗೆ?

ಸೀಮೆಸುಣ್ಣ

ಪ್ರಶ್ನೆಯಲ್ಲಿ ಒಂದು ಮಾತು ಬದಲಿಸಿ ಕೊಡಿ. ಬರೀ ಸಂಖ್ಯೆ ಬದಲಿಸಿದರೆ ಸಾಲದು, ಹಳೆಯ ಅಚ್ಚಿಗೆ ಹೊಸ ಸಂಖ್ಯೆ ಸುರಿದುಬಿಡುತ್ತಾರೆ. "1 ಗಂಟೆ ಜಾಸ್ತಿ" ಅನ್ನುವ ಜಾಗದಲ್ಲಿ "ಹೋಗಿ ಬರಲು ಒಟ್ಟು 5 ಗಂಟೆ" ಅಂತ ಮಾಡಿ.

ರಫ್‌ಶೀಟ್

ಮೇಡಂ, ಒಂದು ಸಣ್ಣ ತೊಡಕು. ಅದೇ 15 ಮತ್ತು 36 ಇಟ್ಟು ಒಟ್ಟು 5 ಗಂಟೆ ಅಂದರೂ ಉತ್ತರ 3ಕ್ಕೇ ಬರುತ್ತದೆ. ಹೋಗಲು 3 ಗಂಟೆ, ಬರಲು 2 ಗಂಟೆ. ಹಳೆಯ ಉತ್ತರ ನೆನಪಿದ್ದವರು ಹಾಗೇ ಬರೆದುಬಿಡಬಹುದು.

ಸೀಮೆಸುಣ್ಣ

ನಿಜ, ಹಾಗಾದರೆ ಸಂಖ್ಯೆಗಳನ್ನೂ ಬದಲಿಸೋಣ. ದೋಣಿಯ ವೇಗ 10, ದೂರ 24, ಹೋಗಿ ಬರಲು ಒಟ್ಟು 5 ಗಂಟೆ. ನೀಲಿಶಾಯಿ ಅವರೇ, ನೀವು ಲೆಕ್ಕ ಬಿಡಿಸಬೇಕಾಗಿಲ್ಲ. ಎರಡು ಭಿನ್ನರಾಶಿಗಳ ನಡುವೆ ಅವಳು ಯಾವ ಚಿಹ್ನೆ ಹಾಕುತ್ತಾಳೆ ನೋಡಿ, ಅಷ್ಟೇ ಸಾಕು. ಅರ್ಥ ಮಾಡಿಕೊಂಡವರು ಪ್ಲಸ್ ಹಾಕುತ್ತಾರೆ. ನಕಲಿನ ನೆನಪಿನಲ್ಲಿ ಬರೆಯುವವರು ಮೈನಸ್ ಹಾಕುತ್ತಾರೆ. ಪ್ಲಸ್ ಹಾಕಿದರೆ 480 = 5(100 − x²) ಆಗಿ x² = 4 ಬರುತ್ತದೆ, ಹರಿವು 2. ಮೊದಲಿನ ಲೆಕ್ಕಕ್ಕಿಂತ ಸುಲಭವೇ.

ನೀಲಿಶಾಯಿ

ಇವತ್ತು ಸಂಜೆ ಕೊಟ್ಟೆ. 10 − x, 10 + x ಎರಡೂ ಸರಿಯಾಗಿ ಬರೆದಳು. ನಡುವೆ ಮೈನಸ್ ಹಾಕಿದಳು. ನಾನು ಏನೂ ಹೇಳಲಿಲ್ಲ, ಪ್ರಶ್ನೆಯನ್ನು ಜೋರಾಗಿ ಓದು ಅಂದೆ. "ಒಟ್ಟು" ಅನ್ನುವಲ್ಲಿ ನಿಂತಳು. ತಿದ್ದಿದಳು. ಕೊನೆಗೆ 2 ಬಂತು, ಅದನ್ನು ಪ್ರಶ್ನೆಗೆ ಹಾಕಿ 3 ಗಂಟೆ, 2 ಗಂಟೆ ಅಂತ ತಾನೇ ಸರಿನೋಡಿದಳು. ಅಂದರೆ ವೇಗದ ವಿಷಯ ಅವಳಿಗೆ ಬರುತ್ತದೆ. ಪ್ರಶ್ನೆ ಓದುವುದನ್ನು ಬಿಟ್ಟಿದ್ದಾಳೆ. ಫೋಟೋ ಹೊಡೆಯುವವರು ಪ್ರಶ್ನೆ ಓದುವುದೇ ಇಲ್ಲ ಅಲ್ವಾ, ಅದು ನನಗೆ ಹೊಳೆದೇ ಇರಲಿಲ್ಲ.

ಇನ್ನು ಮೇಲೆ ಪ್ರಶ್ನೆಯನ್ನು ಕೈಯಲ್ಲಿ ನೋಟ್‌ಬುಕ್ಕಿಗೆ ಬರೆದುಕೊಂಡು, ಒಂದು ಪ್ರಯತ್ನ ಮಾಡಿದ ಮೇಲೆಯೇ ಫೋಟೋ ಅಂತ ಇಬ್ಬರೂ ಒಪ್ಪಿಕೊಂಡಿದ್ದೇವೆ. ಆದರೆ ಅವಳು ಒಂದು ಮಾತು ಕೇಳಿದಳು, ನನ್ನ ಹತ್ತಿರ ಉತ್ತರ ಇರಲಿಲ್ಲ. ಆಪ್ ನೋಡಿ ಮಾಡಿದ ಲೆಕ್ಕದ ಪಕ್ಕ "ಆಪ್ ನೋಡಿದ್ದೇನೆ" ಅಂತ ಬರೆದರೆ ಟೀಚರ್ ಮಾರ್ಕ್ಸ್ ಕಳೆಯುವುದಿಲ್ಲವಾ?

ಗಟ್ಟಿಬುನಾದಿ

ಕಳೆದರೂ ಬರೆಯಬೇಕು. ಬೇರೆಯವರ ಸಹಾಯ ಪಡೆದು ತನ್ನದು ಅಂತ ತೋರಿಸುವುದು ಮೋಸ.

ಕೊನೆಬೆಂಚು

ಹೇಳುವುದು ಸುಲಭ ಸರ್. ನಿಜ ಬರೆದವರಿಗೆ ಕಡಿಮೆ, ಮುಚ್ಚಿಟ್ಟವರಿಗೆ ಜಾಸ್ತಿ ಆದರೆ ಎರಡನೇ ವಾರಕ್ಕೆ ಯಾರೂ ಬರೆಯುವುದಿಲ್ಲ.

ಸೀಮೆಸುಣ್ಣ

ಇಬ್ಬರದ್ದೂ ಸರಿ. ನನ್ನ ತರಗತಿಯಲ್ಲಿ ಹೋಂವರ್ಕಿಗೆ ಸರಿ-ತಪ್ಪು ನೋಡಿ ಮಾರ್ಕ್ಸ್ ಕೊಡುವುದಿಲ್ಲ. ಮಾಡಿದ್ದಾರಾ ಅಂತ ಮಾತ್ರ ನೋಡುತ್ತೇನೆ, ಆಮೇಲೆ ಅದರಲ್ಲೇ ಒಂದನ್ನು ಬದಲಿಸಿ ತರಗತಿಯಲ್ಲಿ ಮಾಡಿಸುತ್ತೇನೆ. ಹಾಗಿದ್ದಾಗ ಮಕ್ಕಳು ಎಲ್ಲಿ ನೋಡಿದ್ದೇವೆ ಅಂತ ಹೆದರದೆ ಬರೆಯುತ್ತಾರೆ. ಆದರೆ ಎಲ್ಲ ಕಡೆ ಮೇಷ್ಟ್ರಿಗೆ ಆ ಸ್ವಾತಂತ್ರ್ಯ ಇರುವುದಿಲ್ಲ. ಹೋಂವರ್ಕ್ ಮಾರ್ಕ್ಸ್ ವರ್ಷದ ಅಂಕಕ್ಕೆ ಸೇರುವ ಕಡೆ ಏನು ಮಾಡಬೇಕು ಅನ್ನುವುದಕ್ಕೆ ನನ್ನ ಹತ್ತಿರವೂ ಉತ್ತರವಿಲ್ಲ. ನೀಲಿಶಾಯಿ ಅವರೇ, ಟೀಚರ್ ಅವರನ್ನೇ ಮೊದಲು ಕೇಳಿಬಿಡಿ. ಯಾವ ಸಹಾಯಕ್ಕೆ ಒಪ್ಪಿಗೆ ಇದೆ ಅನ್ನುವುದು ಅವರವರ ತರಗತಿಯ ನಿಯಮ. ನಾನಿಲ್ಲಿ ಹೇಳಿದ ಗೆರೆ ಕಲಿಕೆಯದ್ದು.

ಕೊನೆಬೆಂಚು

ಮೇಡಂ, ಇನ್ನೊಂದು. ರೇಖಾಗಣಿತದ ಪ್ರಮೇಯಗಳಲ್ಲಿ ಬದಲಿಸಲು ಸಂಖ್ಯೆಯೇ ಇಲ್ಲ. ಸಾಧನೆ ನೋಡಿಕೊಂಡ ಮೇಲೆ ನನಗೆ ಬಂದಿದೆಯಾ ಇಲ್ಲವಾ ಅಂತ ಹೇಗೆ ನೋಡಿಕೊಳ್ಳಲಿ?

ಸೀಮೆಸುಣ್ಣ

ಚಿತ್ರವನ್ನು ತಿರುಗಿಸಿ ಬರೆ, ABC ಬದಲು PQR ಇಡು. ಅಕ್ಷರಗಳ ಜಾಗವನ್ನೂ ಅದಲು ಬದಲು ಮಾಡು. ಆಮೇಲೆ ಪುಸ್ತಕ ಮುಚ್ಚಿ ಸಾಧನೆ ಬರೆ. ಬರೀ ನೆನಪಿನಿಂದ ಬರೆಯುತ್ತಿದ್ದರೆ ಎರಡನೇ ಸಾಲಿನಲ್ಲೇ ಚಿತ್ರದಲ್ಲಿಲ್ಲದ ಕೋನದ ಹೆಸರು ಬರುತ್ತದೆ. ಇನ್ನೊಂದು: ಪ್ರತಿ ಸಾಲಿನ ಎದುರು ಕಾರಣ ಬರೆಯುವ ಕಾಲಂ ಇರುತ್ತದಲ್ಲ, ಅದನ್ನು ಮಾತ್ರ ಮುಚ್ಚಿ ತುಂಬಿಸಲು ನೋಡು. ಯಾವ ಕಾರಣಕ್ಕೆ ಪೆನ್ನು ನಿಲ್ಲುತ್ತದೋ ಅದನ್ನು ನಾಳೆ ನಿಮ್ಮ ಟೀಚರ್ ಹತ್ತಿರ ಕೇಳು.